ಹೈಡ್ರೋಜನ್ನಿನ ಕೆಂಪು ಗೆರೆ

ಗಾಜಿನ ನಳಿಗೆಯಲ್ಲಿ ಕಡಿಮೆ ಒತ್ತಡದ ಹೈಡ್ರೋಜನ್ ತುಂಬಿ ಹೆಚ್ಚು ವೋಲ್ಟೇಜಿನ ವಿದ್ಯುತ್ ಹಾಯಿಸಿದರೆ ಅದು ನಸುಗೆಂಪಾಗಿ ಹೊಳೆಯುತ್ತದೆ. ಆ ಬೆಳಕನ್ನು ಪಟ್ಟಕದ ಮೂಲಕ ನೋಡಿದರೆ ಕಾಮನಬಿಲ್ಲಿನ ಎಲ್ಲ ಬಣ್ಣಗಳೂ ಕಾಣುವುದಿಲ್ಲ. ಬಿಡಿಬಿಡಿಯಾದ ಕೆಲವೇ ಗೆರೆಗಳು ಕಾಣುತ್ತವೆ. ಅವುಗಳಲ್ಲಿ ಎದ್ದು ಕಾಣುವುದು ಕೆಂಪು ಗೆರೆ. ಅದೇಕೆ ಅಲ್ಲೇ ಇದೆ?

ಇದಕ್ಕೆ 1913ರಲ್ಲಿ ಉತ್ತರ ಕೊಟ್ಟವರು ನೀಲ್ಸ್ ಬೋರ್. ಪರಮಾಣುವಿನೊಳಗೆ ಎಲೆಕ್ಟ್ರಾನ್ ತನಗೆ ಬೇಕಾದಷ್ಟು ಶಕ್ತಿಯನ್ನು ಇಟ್ಟುಕೊಳ್ಳಲಾರದು. ಮೆಟ್ಟಿಲ ಮೇಲೆ ನಿಲ್ಲಬಹುದು, ಎರಡು ಮೆಟ್ಟಿಲುಗಳ ನಡುವೆ ನಿಲ್ಲಲಾಗದು. ಎಲೆಕ್ಟ್ರಾನಿನ ಸ್ಥಿತಿಯೂ ಹಾಗೆಯೇ. ಪ್ರತಿ ಮಟ್ಟದ ಶಕ್ತಿ ತಿಳಿಯಲು –13.6 ಎಲೆಕ್ಟ್ರಾನ್ ವೋಲ್ಟನ್ನು ಆ ಮಟ್ಟದ ಸಂಖ್ಯೆಯ ವರ್ಗದಿಂದ ಭಾಗಿಸಬೇಕು. ಋಣ ಚಿಹ್ನೆಯ ಅರ್ಥವಿಷ್ಟೇ: ಎಲೆಕ್ಟ್ರಾನ್ ಬೀಜಕೇಂದ್ರಕ್ಕೆ ಕಟ್ಟುಬಿದ್ದಿದೆ.

ಹಾಗಾಗಿ ಮೂರನೇ ಮಟ್ಟದ ಶಕ್ತಿ –1.51, ಎರಡನೆಯದರದು –3.40. ಮೂರರಿಂದ ಎರಡಕ್ಕೆ ಇಳಿಯುವಾಗ ಉಳಿಯುವ 1.89 ಎಲೆಕ್ಟ್ರಾನ್ ವೋಲ್ಟ್ ಒಂದು ಫೋಟಾನ್ ಆಗಿ ಹೊರಬರುತ್ತದೆ. 1240ನ್ನು ಈ ಸಂಖ್ಯೆಯಿಂದ ಭಾಗಿಸಿದರೆ ತರಂಗದೂರ ನ್ಯಾನೊಮೀಟರುಗಳಲ್ಲಿ ಸಿಗುತ್ತದೆ: 656. ಅದೇ ಆ ಕೆಂಪು.

ವಿದ್ಯಾರ್ಥಿಗಳು ಇಲ್ಲಿ ಎಡವುವುದುಂಟು. ವ್ಯತ್ಯಾಸದ ಬದಲು 3.40ರಿಂದಲೇ ಭಾಗಿಸಿದರೆ ಸುಮಾರು 365 ಬರುತ್ತದೆ. ಅದು ಕಣ್ಣಿಗೆ ಕಾಣದ ನೇರಳಾತೀತ ಕಿರಣ. ಉತ್ತರ ತಪ್ಪೆಂದು ಅಲ್ಲೇ ಗೊತ್ತಾಗುತ್ತದೆ.

ಈ ಸರಳ ಸೂತ್ರಕ್ಕೂ ಮಿತಿಯಿದೆ. ಎರಡು ಎಲೆಕ್ಟ್ರಾನುಗಳಿರುವ ಹೀಲಿಯಂ ಪರಮಾಣುವಿಗೆ ಅದು ಹೊಂದುವುದಿಲ್ಲ, ಏಕೆಂದರೆ ಅಲ್ಲಿ ಎಲೆಕ್ಟ್ರಾನುಗಳು ಒಂದನ್ನೊಂದು ತಳ್ಳುತ್ತವೆ.