ಕುಸಿದ ಕೇಕು, ಕೈಬಿಡದ ಮನೆಯವರು

ಹಾಸನದ ಒಂದು ಮನೆ. ತಮ್ಮನ ಎಂಟನೇ ಹುಟ್ಟುಹಬ್ಬಕ್ಕೆ ಬೇಕರಿ ಕೇಕು ಬೇಡ, ನಾನೇ ಮಾಡುತ್ತೇನೆ ಎಂದು ಪಿಯುಸಿ ಓದುವ ಅಕ್ಕ ಹಟ ಹಿಡಿದಳು. ಅವಳಿಗೆ ಅದು ಮೊದಲ ಕೇಕು. ಮನೆಯಲ್ಲಿ ಓವನ್ ಇಲ್ಲ, ಅಜ್ಜಿ ಮೊಟ್ಟೆ ತಿನ್ನುವುದಿಲ್ಲ. ಹಾಗಾಗಿ ಕುಕ್ಕರಿನಲ್ಲಿ ಮೊಸರಿನ ಕೇಕು ಎಂದು ತೀರ್ಮಾನವಾಯಿತು. ಒಂದೂವರೆ ಕಪ್ ಮೈದಾ, ಒಂದು ಕಪ್ ಗಟ್ಟಿ ಮೊಸರು, ಮುಕ್ಕಾಲು ಕಪ್ ಸಕ್ಕರೆ, ಅರ್ಧ ಕಪ್ ಎಣ್ಣೆ, ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಅಡುಗೆ ಸೋಡಾ. ಅಳತೆಯಲ್ಲಿ ಹುಡುಗಿ ಎಲ್ಲೂ ತಪ್ಪಲಿಲ್ಲ. ಕುಕ್ಕರಿನ ಗ್ಯಾಸ್ಕೆಟ್, ವಿಷಲ್ ಎರಡನ್ನೂ ತೆಗೆದಳು, ತಳಕ್ಕೆ ಉಪ್ಪು ಹರಡಿ ಸ್ಟ್ಯಾಂಡ್ ಇಟ್ಟಳು, ಹತ್ತು ನಿಮಿಷ ಕಾಯಿಸಿ ಹಿಟ್ಟಿನ ಡಬ್ಬಿ ಇಳಿಸಿದಳು.

20 ನಿಮಿಷಕ್ಕೆ ತಮ್ಮ ‘ಉಬ್ಬಿದೆಯಾ ನೋಡೋಣ’ ಎಂದ. ಮುಚ್ಚಳ ತೆಗೆದರು. ಕೇಕು ಡಬ್ಬಿಯ ಅಂಚಿನವರೆಗೆ ಏರಿ ನಿಂತಿತ್ತು. ಇಬ್ಬರೂ ಕಣ್ತುಂಬ ನೋಡಿ ಮತ್ತೆ ಮುಚ್ಚಿದರು. 35 ನಿಮಿಷಕ್ಕೆ ಅವಳು ಅಂಚಿನ ಹತ್ತಿರ ಕಡ್ಡಿ ಚುಚ್ಚಿದಳು, ಕಡ್ಡಿ ಒಣಗಿಯೇ ಬಂತು. ಒಲೆ ಆರಿಸಿ ಇಳಿಸಿದಳು. ಐದು ನಿಮಿಷದಲ್ಲಿ ನಡುಭಾಗ ಕುಸಿದು, ಅಂಗೈಯಗಲದ ಗುಳಿ ಬಿತ್ತು.

ಆದದ್ದಿಷ್ಟು. ಮೊಸರಿನ ಹುಳಿ ಸೋಡಾಕ್ಕೆ ತಾಗಿದಾಗ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಆ ಗುಳ್ಳೆಗಳು ಬಿಸಿಗೆ ಹಿಗ್ಗಿ ಹಿಟ್ಟನ್ನು ಮೇಲೆತ್ತುತ್ತವೆ. ಆದರೆ ಉಬ್ಬಿದ್ದೆಲ್ಲ ಬೆಂದಿದೆ ಎಂದಲ್ಲ. ಗುಳ್ಳೆಗಳ ಸುತ್ತಲಿನ ಮೈದಾ ಬೆಂದು ಗಟ್ಟಿಯಾಗುವವರೆಗೂ ಕೇಕನ್ನು ಎತ್ತಿ ಹಿಡಿದಿರುವುದು ಒಳಗಿನ ಬಿಸಿ ಗಾಳಿ ಮಾತ್ರ. ಶಾಖ ಡಬ್ಬಿಯ ಅಂಚಿನಿಂದ ಒಳಕ್ಕೆ ಸಾಗುವುದರಿಂದ ನಡುಭಾಗ ಬೇಯುವುದು ಕೊನೆಗೆ. 20 ನಿಮಿಷಕ್ಕೆ ಮುಚ್ಚಳ ತೆಗೆದಾಗ ಕುಕ್ಕರಿನ ಬಿಸಿಗಾಳಿ ಹೊರಗೆ ಹೋಯಿತು, ಬೇಯುವುದು ಹಿಂದೆ ಬಿತ್ತು. ಆಮೇಲೆ ಅಂಚಿನ ಕಡ್ಡಿಯನ್ನು ನಂಬಿ ಬೇಗ ಇಳಿಸಿದ್ದರಿಂದ, ಹಸಿಯಾಗಿದ್ದ ನಡುಭಾಗಕ್ಕೆ ತಣಿಯುವಾಗ ತನ್ನ ಭಾರವನ್ನೇ ತಡೆಯಲಾಗಲಿಲ್ಲ.

ಸೋಡಾ ಹೆಚ್ಚಾದರೂ ಕೇಕು ಕುಸಿಯುತ್ತದೆ. ಎರಡನ್ನೂ ಬೇರೆ ಮಾಡಿ ಗುರುತಿಸಬಹುದು. ಸೋಡಾ ಹೆಚ್ಚಾಗಿದ್ದರೆ ಬೆಂದ ಭಾಗವೂ ಒರಟಾಗಿ, ದೊಡ್ಡ ತೂತುಗಳಿಂದ ಕೂಡಿ, ಬಣ್ಣ ಗಾಢವಾಗಿ, ನಾಲಗೆಗೆ ಸಾಬೂನಿನ ರುಚಿ ಕೊಡುತ್ತದೆ. ಆ ರುಚಿಯನ್ನು ಯಾವ ಕ್ರೀಮೂ ಮುಚ್ಚಲಾರದು. ಇಲ್ಲಿ ಅಜ್ಜಿ ಅಂಚಿನಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ‘ರುಚಿ ಚೆನ್ನಾಗಿದೆ ಕಣೇ ಪುಟ್ಟಿ, ನಡುವೆ ಮಾತ್ರ ಬೆಂದಿಲ್ಲ. ಅಳ್ತಾ ಕೂತ್ಕೋಬೇಡ, ಲೋಟ ತಗೊಂಡು ಬಾ’ ಎಂದರು.

ಅಪ್ಪ ಮತ್ತೆ ಕುಕ್ಕರಿಗೇ ಇಡೋಣ ಎಂದರು. ಇಟ್ಟಿದ್ದರೆ ಹಸಿ ಬೇಯುತ್ತಿತ್ತು, ಆದರೆ ಗುಳ್ಳೆಗಳು ಒಡೆದ ಮೇಲೆ ಕೇಕು ಮತ್ತೆ ಏಳುವುದಿಲ್ಲ. ಅಂಚು ಒಣಗುತ್ತದೆ, ನಡುವೆ ಗಟ್ಟಿ ಮುದ್ದೆ ಉಳಿಯುತ್ತದೆ. ಅಜ್ಜಿಯ ಲೆಕ್ಕವೇ ಸರಿಯಿತ್ತು. ಕೇಕು ಪೂರ್ತಿ ತಣಿದ ಮೇಲೆ, ಬಾಯಗಲದ ಸ್ಟೀಲ್ ಲೋಟವನ್ನು ಗುಳಿಯ ಮೇಲೆ ಒತ್ತಿ ತಿರುಗಿಸಿ ಹಸಿ ಭಾಗವನ್ನಷ್ಟೇ ತೆಗೆದರು. ಸುತ್ತಲೂ ಉಳಿದದ್ದು ಚೆನ್ನಾಗಿ ಬೆಂದ ದಪ್ಪ ಬಳೆಯಾಕಾರದ ಕೇಕು.

ಹಸಿ ಭಾಗವನ್ನು ತಿನ್ನಲು ತಮ್ಮ ಕೈ ಚಾಚಿದಾಗ ಅಮ್ಮ ತಡೆದರು. ಮೊಟ್ಟೆ ಇಲ್ಲದಿದ್ದರೂ ಹಸಿ ಮೈದಾದಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ಅದನ್ನು ಪುಡಿಮಾಡಿ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಗರಿಗರಿಯಾಗಿ ಕಂದುಬಣ್ಣ ಬರುವವರೆಗೆ ಹುರಿದರು. ಇನ್ನೊಂದು ಒಲೆಯಲ್ಲಿ ಅಪ್ಪ ಅರ್ಧ ಲೀಟರ್ ಹಾಲಿಗೆ ಮೂರು ದೊಡ್ಡ ಚಮಚ ಕಸ್ಟರ್ಡ್ ಪುಡಿ, ಸಕ್ಕರೆ ಸೇರಿಸಿ ಗಟ್ಟಿಯಾಗಿ ಕುದಿಸಿದರು. ಪೂರಾ ಆರಿಸಿದ ಮೇಲೆಯೇ ಅದನ್ನು ನಡುವಿನ ತೂತಿಗೆ ತುಂಬಿದರು. ಬಿಸಿಯಾಗಿ ಸುರಿದಿದ್ದರೆ ಕೇಕು ನೆನೆದು ಮೆತ್ತಗಾಗುತ್ತಿತ್ತು. ಮೇಲೆ ಬಾಳೆಹಣ್ಣಿನ ಹೋಳು, ದಾಳಿಂಬೆ ಕಾಳು, ಹುರಿದ ಪುಡಿ. ಮೇಣದಬತ್ತಿಗಳನ್ನು ಬೆಂದ ಭಾಗದಲ್ಲಿ ಸುತ್ತಲೂ ನೆಟ್ಟರು. ಕೊಯ್ದಾಗ ಪ್ರತಿ ತುಂಡಿನಲ್ಲೂ ಕೇಕಿನ ಜೊತೆ ಕಸ್ಟರ್ಡ್ ಬಂತು. ನಿಂಗೆ ಈ ಉಪಾಯ ಮೊದಲೇ ಗೊತ್ತಿತ್ತಾ ಎಂದು ತಮ್ಮ ಅಕ್ಕನನ್ನು ಕೇಳಿದ. ‘ಅಜ್ಜಿಗೆ ಗೊತ್ತಿತ್ತು’ ಎಂದಳು.

ನೀವೂ ಕುಕ್ಕರಿನಲ್ಲಿ ಕೇಕು ಮಾಡುವವರಾದರೆ, ಮೊದಲ 35 ನಿಮಿಷ ಮುಚ್ಚಳ ಮುಟ್ಟಬೇಡಿ. ಆಮೇಲೆ ಕಡ್ಡಿಯನ್ನು ನಟ್ಟನಡುವೆಯೇ ಚುಚ್ಚಿ ನೋಡಿ. ಹಸಿ ಹಿಟ್ಟು ಅಂಟಿಕೊಂಡು ಬಂದರೆ ಮುಚ್ಚಿ ಇನ್ನೂ ಹತ್ತು ನಿಮಿಷ ಬಿಡಿ.