ತಾರಸಿ ಮೇಲಿನ ನೌಕರಿ: ಸೇರುವ ಮೊದಲು ಮಾಲೀಕರನ್ನೂ ಅಳೆದು ನೋಡಿ

ಹಾಸನ: ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಬೆಳಗಿನ ಬಸ್ಸಿಗೆ ಹಾಸನಕ್ಕೆ ಬಂದು ಕೆಲಸ ಹುಡುಕುವ ಐಟಿಐ, ಡಿಪ್ಲೊಮಾ ಹುಡುಗರಿಗೆ ಮನೆಯವರು ಹೇಳುವ ಮಾತು ಈಗ ಬದಲಾಗಿದೆ. "ಸೋಲಾರ್‌ಗೆ ಸೇರ್ಕೊಳ್ಳೋ, ಅಲ್ಲಿ ಕೆಲಸಕ್ಕೇನು ಬರ?"

ಮಾತು ಸುಳ್ಳೇನಲ್ಲ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸೂರ್ಯಘರ್ ಯೋಜನೆ ತಂದು, ಮನೆಯ ತಾರಸಿ ಮೇಲೆ 3 ಕಿಲೋವಾಟ್ ಸೋಲಾರ್ ಹಾಕಿಸಿದವರಿಗೆ 78 ಸಾವಿರ ರೂಪಾಯಿ ಸಹಾಯಧನ ಗೊತ್ತು ಮಾಡಿತು. ಆ ಮೇಲೆ ಈ ಕಸುಬಿಗೆ ಇಳಿದವರಲ್ಲಿ ಬೇರೂರಿ ನಿಲ್ಲುವವರೂ ಇದ್ದಾರೆ, ಸುಗ್ಗಿ ಮುಗಿಸಿ ಗಂಟು ಕಟ್ಟುವವರೂ ಇದ್ದಾರೆ. ಹುಡುಗರು ಮೋಸ ಹೋಗುವುದು ಇಲ್ಲಿಯೇ.

ಗುರುತು ಹಿಡಿಯುವುದಕ್ಕೆ ಒಂದು ದಾರಿಯಿದೆ. ಈ ಯೋಜನೆಯಲ್ಲಿ ಸೋಲಾರ್ ಹಾಕಿದ ಕಂಪನಿ ಐದು ವರ್ಷ ಅದರ ದುರಸ್ತಿ, ನಿರ್ವಹಣೆ ನೋಡಿಕೊಳ್ಳಬೇಕು. ಒಂದು ಮನೆಗೆ ಪ್ಯಾನಲ್ ಕೂರಿಸುವುದು ಎರಡು ಮೂರು ದಿನದ ಕೆಲಸ. ಸರ್ವಿಸ್ ಮಾತ್ರ ಐದು ವರ್ಷದ್ದು. ಖಾಯಂ ಟೆಕ್ನೀಷಿಯನ್ ಬೇಕಾಗುವುದು ಸರ್ವಿಸ್ ಮಾಡುವ ಕಂಪನಿಗೇ ಹೊರತು, ಕೂರಿಸಿ ಕೈತೊಳೆದುಕೊಳ್ಳುವವರಿಗಲ್ಲ.

ಅರಕಲಗೂಡಿನ ಕಡೆಯ ಒಬ್ಬ ಡಿಪ್ಲೊಮಾ ಹುಡುಗನಿಗೆ ತಿಂಗಳಿಗೆ 15 ಸಾವಿರದ ಕರೆ ಬಂತೆನ್ನಿ. ಅವನು ಮೊದಲು pmsuryaghar.gov.in ತಾಣದ ಮಾರಾಟಗಾರರ ಪಟ್ಟಿಯಲ್ಲಿ ಆ ಕಂಪನಿಯ ಹೆಸರಿದೆಯೇ ನೋಡಬೇಕು. ಇಲ್ಲದಿದ್ದರೆ ಅದು ಬೇರೆಯವರ ಕೈಕೆಳಗೆ ಗುತ್ತಿಗೆ ಹಿಡಿದ ತಂಡವೇ ಇರಬಹುದು. ಆಗ ಸಂಬಳ ಕೊಡುವವರು ಯಾರು, ಬಿದ್ದರೆ ನೋಡುವವರು ಯಾರು ಎಂದು ಬಾಯಿಬಿಟ್ಟು ಕೇಳಲೇಬೇಕು.

ಎರಡನೆಯದಾಗಿ, "ನೀವು ವರ್ಷದ ಹಿಂದೆ ಹಾಕಿದ ಒಂದು ಮನೆ ತೋರಿಸಿ ಸಾರ್" ಅನ್ನಬೇಕು. ಕೈ ಶುದ್ಧವಿದ್ದವರು ವಿಳಾಸ ಕೊಡುತ್ತಾರೆ. ಅಲ್ಲಿ ಹೋದವನು ಪ್ಯಾನಲ್ಲಿನ ಹೊಳಪು ನೋಡಬೇಕಾಗಿಲ್ಲ, ನೆಲ ನೋಡಿದರೆ ಸಾಕು. ಸರಿಯಾದ ಕೆಲಸದಲ್ಲಿ ಅರ್ಥಿಂಗ್ ಗುಂಡಿ ಮೂರಿರುತ್ತವೆ: ಪ್ಯಾನಲ್ ಕಡೆಗೆ ಒಂದು, ಮನೆ ಕರೆಂಟಿನ ಕಡೆಗೆ ಒಂದು, ಸಿಡಿಲಿನ ಸರಳಿಗೆ ಒಂದು. "ಎಲ್ಲಕ್ಕೂ ಒಂದೇ ಸಾಕು ಬಿಡ್ರಿ" ಅನ್ನುವವರು ಇನ್ನೆಲ್ಲೆಲ್ಲಿ ಉಳಿಸಿದ್ದಾರೋ! ಮನೆಯವರನ್ನೂ ಒಂದು ಮಾತು ಕೇಳಬೇಕು: ಕೆಟ್ಟಾಗ ಫೋನ್ ಮಾಡಿದರೆ ಬಂದರೇ? ಅವರ ಮುಖ ನೋಡಿದರೇ ಉತ್ತರ ಗೊತ್ತಾಗುತ್ತದೆ. ನಾಳೆ ಆ ಬಾಗಿಲಲ್ಲಿ ಬೈಸಿಕೊಳ್ಳುವವನು ಮಾಲೀಕನಲ್ಲ, ಈ ಹುಡುಗನೇ.

ಮೂರನೆಯದು ಜೀವದ ಮಾತು. 3 ಕಿಲೋವಾಟ್‌ಗೆ ಐದಾರು ದೊಡ್ಡ ಪ್ಯಾನಲ್ ಬೇಕು. ಒಂದೊಂದರಲ್ಲಿ ಸುಮಾರು 50 ವೋಲ್ಟ್. ಸಾಲಾಗಿ ಜೋಡಿಸಿದರೆ ಹತ್ತಿರ ಹತ್ತಿರ 300 ವೋಲ್ಟ್ ಡಿಸಿ ಕರೆಂಟು. ಬೀದಿ ಕಂಬದ ಕರೆಂಟನ್ನು ಸ್ವಿಚ್ ಒತ್ತಿ ನಿಲ್ಲಿಸಬಹುದು, ಬಿಸಿಲನ್ನು ನಿಲ್ಲಿಸುವ ಸ್ವಿಚ್ಚಿಲ್ಲ. ಕರೆಂಟು ಹರಿಯುವಾಗ ಪ್ಯಾನಲ್ ಕನೆಕ್ಟರ್ ಕಿತ್ತರೆ ಬೆಂಕಿಯ ನಾಲಿಗೆ ಎದ್ದು ಕೈ ಸುಡುತ್ತದೆ. ಮೊದಲು ಇನ್ವರ್ಟರ್ ನಿಲ್ಲಿಸಿ, ಡಿಸಿ ಐಸೊಲೇಟರ್ ತೆಗೆದು, ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ ನೋಡಿ ಆಮೇಲೆ ಮುಟ್ಟಬೇಕು. ಇದನ್ನು ಕಲಿಸದ, ಸೊಂಟದ ಬೆಲ್ಟು, ಕೈಗವಸು, ಮೀಟರು ಕೊಡದ ಮಾಲೀಕ 20 ಸಾವಿರ ಕೊಟ್ಟರೂ ದುಬಾರಿ.

ಇನ್ನು ಕಾಗದ. ಕೆಲಸದ ಆದೇಶ ಪತ್ರ ಕೈಗೆ ಬರಬೇಕು. 20 ಜನರಿರುವ ಕಡೆ ಪಿಎಫ್, 10 ಜನರಿರುವ ಕಡೆ ಇಎಸ್ಐ ಉಂಟು. ಮೂಲ ಸಂಬಳ 12 ಸಾವಿರವಾದರೆ ಪಿಎಫ್‌ಗೆ ಹಿಡಿಯುವುದು 1,440 ರೂಪಾಯಿ, ಮಾಲೀಕರೂ ಅಷ್ಟೇ ಕಟ್ಟಬೇಕು. ಹಿಡಿದದ್ದು ಕಟ್ಟಿದರೋ ಇಲ್ಲವೋ ಎಂಬುದನ್ನು ಎರಡನೇ ತಿಂಗಳಲ್ಲೇ ಪಾಸ್‌ಬುಕ್‌ನಲ್ಲಿ ನೋಡಿಕೊಳ್ಳಬೇಕು. ಅದಕ್ಕಿಂತ ಚಿಕ್ಕ ಕಂಪನಿಯಾದರೆ ಅಪಘಾತ ವಿಮೆಯ ಪಾಲಿಸಿ ತೋರಿಸಲಿ. ತರಬೇತಿ ಶುಲ್ಕ ಕೇಳುವವರಿಗೆ, ಅಸಲಿ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇವೆ ಅನ್ನುವವರಿಗೆ ನಮಸ್ಕಾರ ಹೇಳಿ ಬಸ್ ಹತ್ತುವುದೇ ಮೇಲು.

ವಿದ್ಯುತ್ ಬಸ್ಸಿನ ಕೆಲಸಕ್ಕೂ ಇದೇ ಎಚ್ಚರ ಬೇಕು. 2023ರ ಜನವರಿಯಲ್ಲಿ ಕೆಎಸ್‌ಆರ್‌ಟಿಸಿ ಬೆಂಗಳೂರು–ಮೈಸೂರು ನಡುವೆ ಬಿಟ್ಟ ವಿದ್ಯುತ್ ಬಸ್ಸುಗಳು ಗುತ್ತಿಗೆಯವು. ಬಸ್ಸು, ಅದರ ನಿರ್ವಹಣೆ ಖಾಸಗಿ ಕಂಪನಿಯದು. ಆ ಬಸ್ಸಿಗೆ ಮೆಕ್ಯಾನಿಕ್ ಆಗಿ ಸೇರಿಸಿ "ಕೆಎಸ್‌ಆರ್‌ಟಿಸಿ ನೌಕರಿ" ಕೊಡಿಸುತ್ತೇನೆಂದು ಯಾರಾದರೂ ದುಡ್ಡು ಕೇಳಿದರೆ, ಅದು ಕೆಎಸ್‌ಆರ್‌ಟಿಸಿ ನೌಕರಿಯೇ ಅಲ್ಲ.

ಸೋಲಾರ್‌ಗೆ ಸೇರಿದ ಹುಡುಗ ಮೊದಲ ವರ್ಷವೇ ವಿದ್ಯುತ್ ಪರಿವೀಕ್ಷಣಾಲಯದ ಪರ್ಮಿಟ್‌ಗೆ ಪ್ರಯತ್ನಿಸಲಿ. ಅದು ಅವನದೇ ಹೆಸರಿನಲ್ಲಿ ಬರುತ್ತದೆ, ಮಾಲೀಕ ಬದಲಾದರೂ ಅವನ ಜೇಬಿನಲ್ಲೇ ಇರುತ್ತದೆ.