ಪೋಸ್ಟ್‌ಗಳ ಸಾಲಿನಲ್ಲಿ ಜಾಹೀರಾತಿನ ಪಾಲೆಷ್ಟು?

ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪುಟಗಳಿರುವ ಎಷ್ಟೋ ವ್ಯಾಪಾರಿಗಳು ಈಗ ದಿನವೂ ಕುಳಿತು ಪೋಸ್ಟ್ ಹಾಕುವುದಿಲ್ಲ. ಬಫರ್‌ನಂಥ ತಂತ್ರಾಂಶದಲ್ಲಿ ಎರಡು ವಾರಕ್ಕಾಗುವಷ್ಟನ್ನು ಒಮ್ಮೆಗೇ ಸಾಲಾಗಿ ತುಂಬಿಟ್ಟರೆ, ಗೊತ್ತುಮಾಡಿದ ವೇಳೆಗೆ ಅವು ತಾವಾಗಿ ಪ್ರಕಟವಾಗುತ್ತವೆ. ಆದರೆ ಆ ಸಾಲಿನಲ್ಲಿ ಪ್ರಚಾರ, ಮಾಹಿತಿ, ಮನರಂಜನೆಗಳ ಪಾಲನ್ನು ಮೊದಲೇ ನಿಗದಿ ಮಾಡದಿದ್ದರೆ ಪುಟ ಬರೀ ದರಪಟ್ಟಿಯಾಗಿಬಿಡುತ್ತದೆ. 'ಕೊಳ್ಳಿ' ಎಂದಷ್ಟೇ ಹೇಳುವ ಪೋಸ್ಟ್‌ಗಳು 2015ರ ಜನವರಿಯಿಂದ ಕಡಿಮೆ ಜನರಿಗೆ ಕಾಣುತ್ತವೆ ಎಂದು ಫೇಸ್‌ಬುಕ್ 2014ರಲ್ಲೇ ಪ್ರಕಟಿಸಿತ್ತು.

ಗಾಣದ ಎಣ್ಣೆ ಮಾರುವ ಅಂಗಡಿಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ವಾರಕ್ಕೆ ಐದರಂತೆ ಎರಡು ವಾರಕ್ಕೆ 10 ಪೋಸ್ಟ್. ಐದು ಮಾಹಿತಿಗೆ: ಎಣ್ಣೆಯ ತಳದಲ್ಲಿ ಗಸಿ ಏಕೆ ನಿಲ್ಲುತ್ತದೆ, ಕಮಟು ವಾಸನೆ ಬಾರದಂತೆ ಇಡುವುದು ಹೇಗೆ, ಹೀಗೆ. ಮೂರು ಮನರಂಜನೆಗೆ: ಒಗಟು, ಗಾಣ ತಿರುಗುವ ವಿಡಿಯೊ. ಎರಡು ಮಾತ್ರ ದರ, ರಿಯಾಯಿತಿಗೆ. ಈ ಲೆಕ್ಕ ಶಾಸ್ತ್ರವೇನಲ್ಲ. ಅಂಗಡಿಯವರು ತಮ್ಮ ಗಿರಾಕಿಗಳನ್ನು ನೋಡಿ ಮಾಡಿಕೊಂಡದ್ದು. ಪ್ರತಿ ದಿನದ ಜಾಗಕ್ಕೂ ಒಂದು ವರ್ಗವನ್ನು ಗೊತ್ತುಮಾಡಿದರೆ, ಎರಡು ಪ್ರಚಾರದ ಪೋಸ್ಟ್ ಒಂದರ ಹಿಂದೊಂದು ಬರುವುದೂ ತಪ್ಪುತ್ತದೆ.

ಈ ಲೆಕ್ಕ ಸಾಮಾನ್ಯವಾಗಿ ಎರಡು ಕಡೆ ಕೆಡುತ್ತದೆ. ಮಾಹಿತಿಯ ಪೋಸ್ಟ್ ಬರೆಯಲು ಸಮಯ ಬೇಕು, ದರದ ಚಿತ್ರ ಐದೇ ನಿಮಿಷದ ಕೆಲಸ. ಹಾಗಾಗಿ ಮೊದಲು ಖಾಲಿಯಾಗುವುದು ಮಾಹಿತಿಯ ವರ್ಗ. ಖಾಲಿ ಬಿದ್ದ ಜಾಗಕ್ಕೆ ಸಾಲಿನಲ್ಲಿ ಮುಂದಿರುವ ಯಾವುದಾದರೂ ಪೋಸ್ಟ್ ಬರಲಿ ಎಂದು ಬಿಟ್ಟರೆ, ಕೈಯಲ್ಲಿ ಹೆಚ್ಚಾಗಿರುವ ಪ್ರಚಾರವೇ ಅಲ್ಲಿಗೆ ಬಂದು ಕೂರುತ್ತದೆ. ಇದಕ್ಕಿಂತ ಆ ದಿನ ಏನೂ ಹಾಕದಿರುವುದು, ಇಲ್ಲವೇ ಇಂದಿಗೂ ಸಲ್ಲುವ ಹಳೆಯ ಮಾಹಿತಿಯನ್ನು ಮತ್ತೆ ಹಾಕುವುದು ಮೇಲು.

ಇನ್ನೊಂದು, ಹಬ್ಬದ ಹೊತ್ತಿನ ಏರುಪೇರು. ದೀಪಾವಳಿಗೆಂದು ಅಂಗಡಿಯವರು ಮೂರು ರಿಯಾಯಿತಿ ಪೋಸ್ಟ್‌ಗಳನ್ನು ಕೈಯಾರೆ ಹಾಕುತ್ತಾರೆ. ಅವು ಸಾಲಿನ ಹೊರಗಿನವು, ಆದ್ದರಿಂದ ಯೋಜನೆಯ ಪಟ್ಟಿಯಲ್ಲಿ ಪ್ರಚಾರ ಈಗಲೂ 10ಕ್ಕೆ ಎರಡೇ. ಓದುಗರ ಕಣ್ಣಿಗೆ ಬಿದ್ದದ್ದು ಮಾತ್ರ 13ರಲ್ಲಿ ಐದು, ಎಂದರೆ ಶೇ. 38ರಷ್ಟು. ಹಬ್ಬಕ್ಕೆ ಹೆಚ್ಚು ಹಾಕಬಾರದೆಂದಲ್ಲ. ಕೈಯಾರೆ ಹಾಕಿದ್ದನ್ನೂ ಲೆಕ್ಕಕ್ಕೆ ಹಿಡಿದು, ಸಾಲಿನಲ್ಲಿರುವ ಪ್ರಚಾರವನ್ನು ಅಷ್ಟರಮಟ್ಟಿಗೆ ಮುಂದೂಡಬೇಕು.

ವರ್ಗ ಹಾಕುವಾಗಲೂ ಪ್ರಾಮಾಣಿಕತೆ ಬೇಕು. ಎಣ್ಣೆ ಕೆಡದಂತೆ ಇಡುವ ಬಗೆಯನ್ನು ಎರಡು ಸಾಲು ಹೇಳಿ, ಉಳಿದ ನಾಲ್ಕು ಸಾಲು 'ಇಂದೇ ಆರ್ಡರ್ ಮಾಡಿ' ಎಂದಿದ್ದರೆ ಅದು ಪ್ರಚಾರವೇ. ಮಾಹಿತಿ ಎಂದು ಗುರುತು ಹಾಕಿದ ಮಾತ್ರಕ್ಕೆ ಓದುಗರು ಅದನ್ನು ಮಾಹಿತಿ ಎಂದು ಒಪ್ಪುವುದಿಲ್ಲ.

ನಿಮ್ಮದೂ ಇಂಥ ಪುಟವಿದ್ದರೆ ಯೋಜನೆಯ ಪಟ್ಟಿ ಬಿಟ್ಟು, ಪ್ರಕಟವಾದ ಕೊನೆಯ 10 ಪೋಸ್ಟ್‌ಗಳನ್ನು ನೋಡಿ. ಮಾರಾಟದ ಮಾತು ನೀವು ಗೊತ್ತುಮಾಡಿದ ಪಾಲಿಗಿಂತ ಹೆಚ್ಚಿದ್ದರೆ, ಮುಂದಿನ ಪ್ರಚಾರವನ್ನು ಇವತ್ತೇ ಸಾಲಿನಿಂದ ತೆಗೆಯಿರಿ.